ಹೊಟ್ಟಿನ ಜೊತೆಗೆ ಕಾಳನ್ನೂ ತೂರಬೇಡಿರಿ

ಮಾತಿನಲ್ಲಿ ಹೇಳಿ ಕಳಿಸಿದ ಧ್ವನಿ ಸಂದೇಶವನ್ನು ವ್ಯವಹಾರದ ಬರಹವಾಗಿ ತಿದ್ದಿಕೊಡುವವರು ಈಗ ಊರೂರಲ್ಲಿಯೂ ಇದ್ದಾರೆ. ಅಂಗಡಿಯ ಲೆಕ್ಕ ಬರೆಯುವವನಿರಬಹುದು, ಕಾಲೇಜಿಗೆ ಹೋಗುವ ಮಗಳಿರಬಹುದು. ಇವರಿಗೆ ಕಲಿಸುವ ಪಂಡಿತರದು ಒಂದೇ ಸೂತ್ರ: ಬರಹದಲ್ಲಿ ಬಾರದ ಮಾತೆಲ್ಲ ಹೊಟ್ಟು, ಪಟ್ಟಿ ಮಾಡಿಕೊಂಡು ಹೊಡೆದುಹಾಕಿರಿ. ಈ ಸೂತ್ರವನ್ನು ನಾನು ಒಪ್ಪಲಾರೆ. ಕನ್ನಡದಲ್ಲಿ, ಅದರಲ್ಲಿಯೂ ನಮ್ಮ ಬಾದಾಮಿ ಸೀಮೆಯ ಕನ್ನಡದಲ್ಲಿ, ಹೊಟ್ಟಿನಂತೆ ಕಾಣುವ ಎಷ್ಟೋ ಮಾತುಗಳು ಕಾಳೇ ಆಗಿವೆ.

ಒಂದು ಸಂದೇಶವನ್ನೇ ಕಲ್ಪಿಸಿಕೊಳ್ಳೋಣ. ಹುಬ್ಬಳ್ಳಿ-ವಿಜಾಪುರ ಹೆದ್ದಾರಿಗೆ ಬಾದಾಮಿಯ ರಸ್ತೆ ಬಂದು ಕೂಡುವ ಕುಳಗೇರಿ ಕ್ರಾಸಿನಲ್ಲಿ ನಿಂತು, ಗುಳೇದಗುಡ್ಡದ ನೇಕಾರನೊಬ್ಬ ಬೆಂಗಳೂರಿನ ವ್ಯಾಪಾರಿಗೆ ಹೀಗೆ ಹೇಳುತ್ತಾನೆ:

“ನಮಸ್ಕಾರ್ರೀ ಸರ. ಅದೇನಂದ್ರ, ನಿಮ್ಮ ಖಣ ಒಂದು ನಲವತ್ತು ಆಗ್ಯಾವ, ಅಲ್ಲಲ್ಲ, ಒಂದು ಮೂವತ್ತೈದು. ಏನಪಾ ಅಂದ್ರ, ಸೋಮವಾರ ಕ್ರಾಸಿಗೆ ಗಾಡಿ ಬರತೈತಂತ. ಬಂದ್ರ ಹಾಕಿ ಕಳಸ್ತೀನ್ರೀ. ಉಳಿದದ್ದು, ಮತ್ತ, ಈ ವಾರ ಆಗಂಗಿಲ್ರೀ. ಸ್ವಲ್ಪ ಏನರ ರೊಕ್ಕ ಹಾಕಿದ್ರ ಚಲೋ ಆಗತಿತ್ತು ನೋಡ್ರಿ.”

ಪಟ್ಟಿಯ ಪಂಡಿತರ ಶಿಷ್ಯ ಇದನ್ನು ತಿದ್ದಿದರೆ ಹೀಗಾಗುತ್ತದೆ: “ನಿಮ್ಮ 35 ಖಣಗಳು ಸಿದ್ಧವಾಗಿವೆ. ಸೋಮವಾರ ಗಾಡಿ ಬರುತ್ತದೆ, ಕಳಿಸುತ್ತೇನೆ. ಉಳಿದದ್ದು ಈ ವಾರ ಆಗುವಂತಿಲ್ಲ. ಹಣ ಹಾಕಿ.” ನೋಡಲು ಅಚ್ಚುಕಟ್ಟು. ಆದರೆ ಇದರಲ್ಲಿ ನಾಲ್ಕು ಸುಳ್ಳುಗಳಿವೆ.

ಮೊದಲನೆಯದು ‘ಒಂದು’ ಎಂಬ ಮಾತಿನದು. ಎಣಿಕೆಯ ಹಿಂದೆ ಬಂದ ಈ ‘ಒಂದು’ ಲೆಕ್ಕದ ಒಂದಲ್ಲ. ‘ಸುಮಾರು’ ಎಂದು ಅದರ ಅರ್ಥ. ಅದನ್ನು ಅಳಿಸಿದರೆ ಅಂದಾಜು ಹೋಗಿ ಕರಾರು ಆಯಿತು. 33 ಖಣ ಬಂದು ಮುಟ್ಟಿದ ದಿನ ವ್ಯಾಪಾರಿ ಎರಡು ಕಡಿಮೆಯೆಂದು ದೂರುವನು. ‘ನಲವತ್ತು’ ಎಂಬುದನ್ನು ಬಿಟ್ಟದ್ದು ಮಾತ್ರ ಸರಿ. ಆಡಿದವನೇ ‘ಅಲ್ಲಲ್ಲ’ ಎಂದು ಅದನ್ನು ಹಿಂದಕ್ಕೆ ತೆಗೆದುಕೊಂಡಿದ್ದಾನೆ.

ಎರಡನೆಯದು ‘ಬರತೈತಂತ’ ಎಂಬುದರ ಕೊನೆಯ ‘ಅಂತ’. ಗಾಡಿಯ ಸುದ್ದಿ ಇವನು ಕಣ್ಣಾರೆ ಕಂಡದ್ದಲ್ಲ, ಮತ್ತೊಬ್ಬರು ಹೇಳಿದ್ದು. ಆ ಎರಡಕ್ಷರ ತೆಗೆದೊಡನೆ ಕೇಳಿದ ಮಾತಿಗೆ ಇವನೇ ಜಾಮೀನುದಾರನಾದ. ಜೊತೆಗೆ ‘ಬಂದ್ರ’ ಎಂಬ ಷರತ್ತೂ ಮಾಯವಾಗಿದೆ.

ಮೂರನೆಯದು ಎಲ್ಲಕ್ಕೂ ಕೆಟ್ಟದ್ದು. ಇಲ್ಲಿ ಅಳಿಸಿದ್ದಲ್ಲ, ‘ಶುದ್ಧ’ ಮಾಡಿದ್ದು. ನಮ್ಮ ‘ಆಗಂಗಿಲ್ಲ’ ಎಂದರೆ ‘ಆಗುವುದಿಲ್ಲ’ ಎಂದಷ್ಟೇ. ಅಕ್ಷರ ಹಿಡಿದು ಅದನ್ನು ‘ಆಗುವಂತಿಲ್ಲ’ ಎಂದು ಬರೆದರೆ ಬೆಂಗಳೂರಿನವರ ಕಿವಿಗೆ ಅದು ‘ಆಗಕೂಡದು’ ಎಂದು ಕೇಳಿಸುತ್ತದೆ. ಮಗ್ಗದ ಮೇಲಿನ ಕೆಲಸ ಮುಗಿದಿಲ್ಲವೆಂಬ ಸರಳ ಸಂಗತಿ, ಯಾರೋ ತಡೆದರೆಂಬ ತಕರಾರಿನಂತೆ ಹೋಗಿ ಮುಟ್ಟುತ್ತದೆ.

ನಾಲ್ಕನೆಯದು ಹಣದ ಮಾತು. ‘ಹಾಕಿದ್ರ ಚಲೋ ಆಗತಿತ್ತು’ ಎಂಬುದು ಬೇಡಿಕೆ. ‘ಹಣ ಹಾಕಿ’ ಎಂಬುದು ತಗಾದೆ. ಬೇಡಿದವನನ್ನು ಜಬರಿಸಿದವನನ್ನಾಗಿ ಮಾಡುವ ಅಧಿಕಾರ ತಿದ್ದುವವನಿಗೆ ಯಾರು ಕೊಟ್ಟರು?

ಹಾಗಾದರೆ ಹೊಟ್ಟು ಯಾವುದು? ‘ಅದೇನಂದ್ರ’, ‘ಏನಪಾ ಅಂದ್ರ’, ನಡುವಿನ ‘ಮತ್ತ’, ಕೊನೆಯ ‘ನೋಡ್ರಿ’: ಇವು ಉಸಿರು ತೆಗೆದುಕೊಳ್ಳಲು ಆಡಿದ ಮಾತುಗಳು, ಹೋಗಲಿ. ಪರೀಕ್ಷೆ ಸುಲಭವಾಗಿದೆ. ಒಂದು ಮಾತನ್ನು ಬಿಟ್ಟು ಓದಿರಿ. ಅದು ಇಲ್ಲದ್ದರಿಂದ ಓದಿದವನು ಎಣಿಸುವ ಖಣ, ಕಾಯುವ ದಿನ, ಕೊಡುವ ಹಣ ಅಥವಾ ಹೇಳಿದವನ ಮೇಲಿನ ಭಾವ ಬದಲಾಗುವಂತಿದ್ದರೆ ಅದು ಕಾಳು. ಆ ಮಾತೇ ಬರಹಕ್ಕೆ ಒಗ್ಗದಿದ್ದರೆ ಅದರ ಕೆಲಸ ಮಾಡುವ ಬೇರೆ ಮಾತು ಹುಡುಕಿರಿ, ಬಿಟ್ಟುಬಿಡಬೇಡಿರಿ. ಅದೇ ‘ಮತ್ತ’ ಇನ್ನೊಂದು ಕಡೆ ‘ಪುನಃ’ ಎಂಬ ಅರ್ಥದಲ್ಲಿ ಬರಬಹುದು. ಆದ್ದರಿಂದಲೇ ಪಟ್ಟಿ ಕೆಲಸಕ್ಕೆ ಬಾರದು.

ಈ ಪರೀಕ್ಷೆಯಂತೆ ತಿದ್ದಿದರೆ ಸಂದೇಶ ಹೀಗಾಗುತ್ತದೆ: “ನಮಸ್ಕಾರ. ನಿಮ್ಮ ಖಣಗಳಲ್ಲಿ ಸುಮಾರು 35 ಸಿದ್ಧವಾಗಿವೆ. ಸೋಮವಾರ ಕುಳಗೇರಿ ಕ್ರಾಸಿಗೆ ಗಾಡಿ ಬರುವುದೆಂದು ಕೇಳಿದ್ದೇನೆ, ಬಂದರೆ ಕಳಿಸಿಕೊಡುತ್ತೇನೆ. ಉಳಿದವು ಈ ವಾರ ಸಿದ್ಧವಾಗುವುದಿಲ್ಲ. ಸ್ವಲ್ಪ ಹಣ ಕಳಿಸಿಕೊಟ್ಟರೆ ಅನುಕೂಲವಾಗುತ್ತಿತ್ತು.”

ಇದು ಪಂಡಿತರ ಬರಹಕ್ಕಿಂತ ಉದ್ದವಾಯಿತೆಂದು ಆಕ್ಷೇಪಿಸುವವರುಂಟು. ಉದ್ದವಾದದ್ದು ನಾಲ್ಕು ಸುಳ್ಳು ತೆಗೆದದ್ದರಿಂದ. ಕಳಿಸುವ ಮೊದಲು ಇದನ್ನು ಆಡಿದವನಿಗೆ ಗಟ್ಟಿಯಾಗಿ ಓದಿ ಹೇಳಬೇಕು. ಸೋಮವಾರವೆಂದರೆ ಈ ಸೋಮವಾರವೋ ಮುಂದಿನದೋ ಎಂಬ ಸಂದೇಹ ಬಂದರೆ ಅವನನ್ನೇ ಕೇಳಬೇಕು, ಊಹಿಸಿ ಬರೆಯಬಾರದು. ಕೆಳಗೆ ಹೆಸರು ಇರುವುದು ಅವನದು. ಮಾಲು ತಪ್ಪಿದರೆ ಉತ್ತರ ಕೊಡಬೇಕಾದವನೂ ಅವನೇ.