ಫೋನಿನಲ್ಲಿ ಟಾರ್ಗೆಟ್ ಮುಗಿದಿದೆ, ಮಾಲು ಎಲ್ಲಿದೆ?

ಬಿಸ್ಕತ್ತು, ಸೋಪು, ಚಹಾಪುಡಿಯ ಡಿಸ್ಟ್ರಿಬ್ಯೂಟರ್‌ಗಳಲ್ಲಿ ಬಹಳಷ್ಟು ಜನ ಕಾರ್ಬನ್ ಹಾಳೆಯ ಆರ್ಡರ್ ಪುಸ್ತಕ ಬಿಟ್ಟು ಮೊಬೈಲ್ ಆ್ಯಪ್ ಹಿಡಿದಿದ್ದಾರೆ. ಸೇಲ್ಸ್‌ಮನ್ ಬೆಳಿಗ್ಗೆ ಫೋನ್ ತೆರೆದರೆ ಅಂದಿನ ಬೀಟ್ ಕಾಣುತ್ತದೆ: ಯಾವ ರಸ್ತೆ, ಯಾವ ಅಂಗಡಿಗಳು, ಯಾರ ಉದ್ರಿ ಎಷ್ಟು ಬಾಕಿ. ಅಂಗಡಿಯಲ್ಲೇ ನಿಂತು ಆರ್ಡರ್ ಹಾಕುತ್ತಾನೆ, ಸಂಜೆಗೆ ಗೋದಾಮಿನಲ್ಲಿ ಬಿಲ್ ಆಗುತ್ತದೆ, ಮರುದಿನ ಗಾಡಿ ಹೊರಡುತ್ತದೆ. ಇದರಲ್ಲಿ ತಕರಾರಿಲ್ಲ. ತಕರಾರು ಅದೇ ಪರದೆಯ ಮೇಲಿರುವ ಟಾರ್ಗೆಟ್ ಪಟ್ಟಿಯದು. ಅನೇಕ ಕಡೆ ಆ ಪಟ್ಟಿ ಎಣಿಸುವುದು ಹಾಕಿದ ಆರ್ಡರನ್ನು, ಅಂಗಡಿಯಲ್ಲಿ ಇಳಿದ ಮಾಲನ್ನಲ್ಲ. ಸಂಬಳದ ಮೇಲಿನ ಇನ್ಸೆಂಟಿವ್ ಈ ಅಂಕಿಗೆ ಅಂಟಿಕೊಂಡಿದ್ದರೆ ಆರ್ಡರ್ ಪುಸ್ತಕ ಕೆಲವೇ ತಿಂಗಳಲ್ಲಿ ಸುಳ್ಳು ಹೇಳಲು ಶುರುಮಾಡುತ್ತದೆ. ಅದು ಗೋದಾಮಿನಲ್ಲಿ ಅವಧಿ ಮೀರಿದ ಪೆಟ್ಟಿಗೆಗಳಾಗಿ ಕಾಣುವ ಹೊತ್ತಿಗೆ ತಡವಾಗಿರುತ್ತದೆ.

ಒಂದು ಲೆಕ್ಕ ಹಾಕಿ ನೋಡೋಣ. ದಾವಣಗೆರೆಯಂಥ ಊರಿನಲ್ಲಿ ಒಬ್ಬ ಸೇಲ್ಸ್‌ಮನ್‌ಗೆ ತಿಂಗಳಿಗೆ 6 ಲಕ್ಷ ರೂಪಾಯಿ ಟಾರ್ಗೆಟ್ ಇದೆ ಎಂದಿಟ್ಟುಕೊಳ್ಳಿ. 25ನೇ ತಾರೀಖಿಗೆ ಅವನು ತಲುಪಿಸಿದ ಮಾಲು 4.6 ಲಕ್ಷ. ಅಂಗಡಿಯವರ ಮಾತು ಒಂದೇ: ‘ಈ ವಾರ ಬ್ಯಾಡಪ್ಪ, ಹೋದ ವಾರದ ಪೆಟ್ಟಿಗೀನ ಇನ್ನೂ ಒಡೆದಿಲ್ಲ.’ ಆದರೂ ಉಳಿದ ದಿನಗಳಲ್ಲಿ ಅವನು 1.5 ಲಕ್ಷದ ಆರ್ಡರ್ ಹಾಕುತ್ತಾನೆ. ಪರದೆಯ ಮೇಲೆ 6.1 ಲಕ್ಷ ಬರುತ್ತದೆ, ಪಟ್ಟಿ ಹಸಿರಾಗುತ್ತದೆ. ಗಾಡಿ ಹೋದಾಗ 60 ಸಾವಿರದ ಮಾಲನ್ನು ‘ನಾನು ಹೇಳೇ ಇಲ್ಲ’ ಎಂದು ಅಂಗಡಿಯವರು ಇಳಿಸಿಕೊಳ್ಳುವುದಿಲ್ಲ. ಇಳಿಸಿಕೊಂಡದ್ದರಲ್ಲೂ 30 ಸಾವಿರದ್ದು ಮುಂದಿನ ತಿಂಗಳ ಮೊದಲ ವಾರ ರಿಟರ್ನ್ ಬರುತ್ತದೆ. ನಿಜವಾದ ಮಾರಾಟ 5.2 ಲಕ್ಷ.

ಈ 90 ಸಾವಿರದ ಅಂತರ ಒಬ್ಬ ಸೇಲ್ಸ್‌ಮನ್‌ನ ಇನ್ಸೆಂಟಿವ್‌ಗೆ ಮುಗಿದಿದ್ದರೆ ದೊಡ್ಡ ವಿಷಯವಾಗುತ್ತಿರಲಿಲ್ಲ. ಕಂಪನಿ ಆರ್ಡರ್ ಅಂಕಿ ನೋಡಿಯೇ ಡಿಸ್ಟ್ರಿಬ್ಯೂಟರ್‌ಗೆ ಮಾಲು ಕಳಿಸುವ ವ್ಯವಸ್ಥೆಯಿದ್ದರೆ, ಖರ್ಚಾಗದ ಮಾಲು ಗೋದಾಮಿನಲ್ಲಿ ಇರುವಾಗಲೇ ಅದರ ಬದಲಿಗೆಂದು ಮತ್ತೊಂದು ಲೋಡು ಬಂದು ನಿಲ್ಲುತ್ತದೆ. ಅದಕ್ಕೆ ಹಣ ಕಟ್ಟುವವನು ಡಿಸ್ಟ್ರಿಬ್ಯೂಟರ್. ಮುಂದಿನ ಟಾರ್ಗೆಟ್ ಕೂಡ 6.1ರ ಮೇಲೆಯೇ ನಿಗದಿಯಾಗುತ್ತದೆ. ನೂರಕ್ಕೆ ಐದರಷ್ಟು ಏರಿಸಿದರೂ 6.4 ಲಕ್ಷ. ಕಾಗದದ ಮೇಲೆ ಸಣ್ಣ ಏರಿಕೆ, ಆದರೆ 5.2 ಲಕ್ಷ ಮಾತ್ರ ಮಾರಿದವನ ಪಾಲಿಗೆ ಅದು ನೂರಕ್ಕೆ ಇಪ್ಪತ್ತಮೂರು. ಎರಡನೇ ತಿಂಗಳು ಅವನು ಇನ್ನೂ ದೊಡ್ಡ ಸುಳ್ಳು ಹೇಳಲೇಬೇಕು.

ಎರಡನೇ ಹಂತ ಇನ್ನೂ ಕೆಟ್ಟದ್ದು. ವಾಪಸ್ ಬರುವ ಮಾಲು ಕಣ್ಣಿಗೆ ಬೀಳತೊಡಗಿದಾಗ ಸೇಲ್ಸ್‌ಮನ್ ಅದನ್ನೆಲ್ಲ ಒಬ್ಬ ಹೋಲ್‌ಸೇಲ್ ವ್ಯಾಪಾರಿಗೆ ಕಡಿಮೆ ದರದಲ್ಲಿ ದಾಟಿಸುತ್ತಾನೆ. ಬಿಲ್ ಮಾತ್ರ ಹತ್ತು ಹದಿನೈದು ಸಣ್ಣ ಅಂಗಡಿಗಳ ಹೆಸರಿಗೆ ಹರಿದು ಹಂಚಿಹೋಗುತ್ತದೆ, ಏಕೆಂದರೆ ಎಷ್ಟು ಅಂಗಡಿ ಕೊಂಡವು ಎಂಬುದಕ್ಕೂ ಟಾರ್ಗೆಟ್ ಇದೆ. ಸಣ್ಣ ಅಂಗಡಿಯವನಿಗೆ ಸಿಗಬೇಕಾದ ಸ್ಕೀಮ್ ಅವನ ಹೆಸರಲ್ಲಿ ಇನ್ನೊಬ್ಬರ ಪಾಲಾಗುತ್ತದೆ. ಜಿಎಸ್‌ಟಿ ನೋಂದಣಿ ಇದ್ದವನಾದರೆ, ಕೊಳ್ಳದ ಮಾಲಿನ ಬಿಲ್ ಅವನ ಜಿಎಸ್‌ಟಿಆರ್-2ಬಿಯಲ್ಲಿ ಬಂದು ಕೂರುತ್ತದೆ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಮುಂದಿಟ್ಟು ವಾಣಿಜ್ಯ ತೆರಿಗೆ ಇಲಾಖೆ ನೋಟಿಸ್ ಕಳಿಸಿದಾಗ ಸಣ್ಣ ವ್ಯಾಪಾರಿಗಳು ಎಷ್ಟು ಗಾಬರಿಯಾದರೆಂದು ರಾಜ್ಯವೇ ನೋಡಿದೆ. ತಾವು ಮಾಡದ ಖರೀದಿಗೆ ಉತ್ತರ ಹೇಳುವ ಪಾಡನ್ನು ಅವರಿಗೆ ತರಬಾರದು.

ಇದಕ್ಕೆ ಕಂಪನಿಗಳು ಸಾಮಾನ್ಯವಾಗಿ ಹುಡುಕುವ ಮದ್ದು ಜಿಪಿಎಸ್: ಅಂಗಡಿಯ ಸುತ್ತ ಐವತ್ತು ಮೀಟರ್ ಒಳಗೆ ಬಂದರಷ್ಟೇ ಆರ್ಡರ್ ತೆರೆಯುವಂತೆ ಕಟ್ಟುಮಾಡುವುದು. ಬಯಲಿನಲ್ಲಿ ಇದು ನಡೆಯುತ್ತದೆ. ಮಂಡಿಪೇಟೆಯಂಥ ಒತ್ತೊತ್ತು ಕಟ್ಟಡಗಳ ಬೀದಿಯಲ್ಲಿ ಫೋನ್ ತೋರಿಸುವ ಜಾಗ ಹತ್ತಿಪ್ಪತ್ತು ಮೀಟರ್ ಆಚೀಚೆ ಸರಿಯುವುದು ಮಾಮೂಲು. ಅಲ್ಲಿ ಒಂದೇ ಟೀ ಅಂಗಡಿ ಮುಂದೆ ನಿಂತವನ ಐವತ್ತು ಮೀಟರಿನೊಳಗೆ ಹತ್ತಾರು ಅಂಗಡಿ ಬರುತ್ತವೆ. ಫೋನ್ ಆ ಬೀದಿಯಲ್ಲಿತ್ತು ಎನ್ನುವುದನ್ನು ಜಿಪಿಎಸ್ ಹೇಳಬಲ್ಲದು. ಗಲ್ಲಾದ ಮೇಲಿದ್ದವನು ‘ಹಾಕು’ ಎಂದನೋ ಇಲ್ಲವೋ ಎನ್ನುವುದನ್ನಲ್ಲ.

ಹಾಗಾದರೆ ಮೊದಲೇ ಪತ್ತೆ ಹೇಗೆ? ಬೇಕಾದ ಅಂಕಿಗಳೆಲ್ಲ ಆ್ಯಪ್ ಮತ್ತು ಬಿಲ್ಲಿಂಗ್‌ನಲ್ಲೇ ಇವೆ. ಬೀಟ್ ಬೀಟಿಗೆ, ವಾರ ವಾರಕ್ಕೆ, ಹಾಕಿದ ಆರ್ಡರ್ ಮತ್ತು ನಿಜಕ್ಕೂ ಇಳಿದ ಮಾಲನ್ನು ಅಕ್ಕಪಕ್ಕ ಇಟ್ಟು ನೋಡಿ. ಮಾಲು ಇಲ್ಲದ್ದು, ಅಂಗಡಿ ಮುಚ್ಚಿದ್ದು, ಕೈಯಲ್ಲಿ ಹಣ ಇಲ್ಲದ್ದು ಎಂದು ಒಂದಿಷ್ಟು ಕೊರತೆ ಎಲ್ಲ ವಾರವೂ ಇರುತ್ತದೆ. ಮೊದಲ ಮೂರು ವಾರ ಒಂದೇ ಮಟ್ಟದಲ್ಲಿದ್ದ ಕೊರತೆ ಕೊನೆಯ ವಾರ ಮಾತ್ರ ಹಲವು ಪಟ್ಟಾದರೆ ಅದು ಮಾರುಕಟ್ಟೆಯ ಏರಿಳಿತವಲ್ಲ. ಆಮೇಲೆ ಆರ್ಡರ್‌ಗಳ ನಡುವಿನ ವೇಳೆ. ಗಿರಾಕಿ ಹೋಗುವವರೆಗೆ ಕಾದು, ಶೆಲ್ಫ್ ನೋಡಿ, ಸ್ಕೀಮ್ ಹೇಳಿ ಆರ್ಡರ್ ಪಡೆಯಲು ಐದು ನಿಮಿಷವಾದರೂ ಬೇಕು. ಸಂಜೆ ಆರರ ಮೇಲೆ ಕಾಲು ಗಂಟೆಯಲ್ಲಿ ಹತ್ತು ಅಂಗಡಿ, ಎಲ್ಲದರಲ್ಲೂ ಅದೇ ಐಟಂ, ಅದೇ ಎಣಿಕೆ ಇದ್ದರೆ ಅವು ಅಂಗಡಿಯಲ್ಲಿ ಹುಟ್ಟಿದ ಆರ್ಡರ್‌ಗಳಲ್ಲ. ಇಲ್ಲಿ ಒಂದು ಎಚ್ಚರ ಬೇಕು. ನೆಟ್‌ವರ್ಕ್ ಸಿಗದ ಹಳ್ಳಿಯ ಬೀಟಿನಲ್ಲಿ ಆರ್ಡರ್‌ಗಳು ಫೋನಿನಲ್ಲೇ ಉಳಿದು, ಸಂಜೆ ಪೇಟೆಗೆ ಬಂದಾಗ ಒಟ್ಟಿಗೆ ಹೋಗುತ್ತವೆ. ಬರೆದ ವೇಳೆ, ಸರ್ವರ್ ಸೇರಿದ ವೇಳೆ ಎರಡನ್ನೂ ನೋಡದೆ ಆರೋಪ ಹೊರಿಸಿದರೆ ಬಿಸಿಲಲ್ಲಿ ದುಡಿದವನೇ ಕಳ್ಳನಾಗುತ್ತಾನೆ.

ಸರಿಪಡಿಸುವ ದಾರಿಯೂ ದೂರವಿಲ್ಲ. ಟಾರ್ಗೆಟ್ ಪಟ್ಟಿ ಇಳಿದ ಮಾಲನ್ನು ಎಣಿಸಲಿ. ಮುಂದಿನ ತಿಂಗಳ 7ನೇ ತಾರೀಖಿನವರೆಗೆ ಬಂದ ರಿಟರ್ನ್ ಕಳೆದ ಮೇಲೆಯೇ ಇನ್ಸೆಂಟಿವ್ ಲೆಕ್ಕವಾಗಲಿ. ಆರ್ಡರ್ ಬಿದ್ದ ತಕ್ಷಣ ಐಟಂ, ಎಣಿಕೆ, ಮೊತ್ತ ಇರುವ ಕನ್ನಡದ ಸಂದೇಶ ಅಂಗಡಿಯವನ ಫೋನಿಗೆ ಹೋಗಲಿ. ಅದಕ್ಕೂ ಮುಂಚೆ ಅಂಗಡಿ ಪಟ್ಟಿಯ ಮೊಬೈಲ್ ನಂಬರ್‌ಗಳನ್ನು ಒಮ್ಮೆ ಜೋಡಿಸಿ ನೋಡಬೇಕು. ಒಂದೇ ನಂಬರ್ ಹಲವು ಅಂಗಡಿಗಳ ಮುಂದಿದ್ದರೆ ಅದು ಸೇಲ್ಸ್‌ಮನ್‌ನದೇ ಇರಬಹುದು, ಸಂದೇಶ ಅವನಿಗೇ ತಲುಪುತ್ತದೆ. ಅಂಗಡಿಯವರೂ ಬಿಲ್ಲಿನ ಜೊತೆ ತಮ್ಮ ಹೆಸರಲ್ಲಿ ತಿಂಗಳಿಗೆ ಎಷ್ಟು ಮಾಲು ಹೋಗಿದೆಯೆಂಬ ಪಟ್ಟಿ ಕೇಳಲಿ.

ಇವೆಲ್ಲಕ್ಕಿಂತ ಕಷ್ಟದ ಬದಲಾವಣೆ ಒಂದಿದೆ. ‘ಇವತ್ತು ಆರ್ಡರ್ ಇಲ್ಲ, ಹಳೇ ಮಾಲು ಉಳಿದಿದೆ’ ಎಂದು ನಿಜ ಬರೆದ ಸೇಲ್ಸ್‌ಮನ್‌ಗೆ ಸಂಜೆಯ ಮೀಟಿಂಗ್‌ನಲ್ಲಿ ಬೈಗುಳ ಸಿಗಬಾರದು. ಮಾರುಕಟ್ಟೆ ಮಂದವಾಗುತ್ತಿದೆ ಎಂಬ ಸುದ್ದಿ ಕಂಪನಿಗೆ ಮೊದಲು ತಲುಪುವುದು ಆ ಸಾಲಿನಿಂದಲೇ. ಅದನ್ನು ಬರೆದವನನ್ನು ಬೈದರೆ ನಾಳೆ ಅವನು ಒಂದು ಡಬ್ಬಿಯ ಸುಳ್ಳು ಆರ್ಡರ್ ಹಾಕುತ್ತಾನೆ, ಆ ಸುದ್ದಿ ಮೂರು ತಿಂಗಳ ನಂತರ ಡಿಸ್ಟ್ರಿಬ್ಯೂಟರ್ ಸಾಲದ ರೂಪದಲ್ಲಿ ಬರುತ್ತದೆ.