ಮೂರು ಗಂಟೆಗೆ ಬಾಗಿಲು ತೆರೆದಿರುತ್ತದೆ

"ಸರ್, ಒಂದು ನಿಮಿಷ ಉಂಟಾ?"

ಮಂಗಳೂರಿನ ಯಾವ ಸಾಫ್ಟ್‌ವೇರ್ ಕಚೇರಿಗೆ ಹೋದರೂ ದಿನಕ್ಕೆ ಹತ್ತಾರು ಸಲ ಕಿವಿಗೆ ಬೀಳುವ ಮಾತಿದು. ಒಂಬತ್ತು ಮಂದಿಯ ತಂಡ ನೋಡಿಕೊಳ್ಳುತ್ತಿದ್ದಾಗ ಹೀಗೆ ಕೇಳಿದವರಿಗೆಲ್ಲ ನಾನು "ಉಂಟು, ಬನ್ನಿ" ಎನ್ನುತ್ತಿದ್ದೆ. ಅಷ್ಟೇ ಸಲ ನಾನೇ ಎದ್ದು ಹೋಗಿ, ಕೆಲಸದಲ್ಲಿ ಮುಳುಗಿದ್ದವರ ಕುರ್ಚಿಯ ಹಿಂದೆ ನಿಂತು ಅದೇ ಮಾತು ಕೇಳುತ್ತಿದ್ದೆ. ಇದರಿಂದ ಆಗುವ ನಷ್ಟ ನನಗೆ ಕಣ್ಣಿಗೆ ಕಂಡದ್ದು ನಮ್ಮ ತಂಡದ ಹುಡುಗಿಯೊಬ್ಬಳ ಕ್ಯಾಲೆಂಡರ್ ನೋಡಿದ ದಿನ.

ಹತ್ತಕ್ಕೆ ಹದಿನೈದು ನಿಮಿಷದ ಸ್ಟ್ಯಾಂಡಪ್, ಹನ್ನೊಂದೂವರೆಗೆ ಟೆಸ್ಟಿಂಗ್‌ನವರ ಜೊತೆ ಅರ್ಧ ಗಂಟೆ, ಎರಡೂವರೆಗೆ ಇನ್ನೊಂದು ತಂಡದ ಮೀಟಿಂಗ್, ನಾಲ್ಕಕ್ಕೆ ರಿವ್ಯೂ, ಸಂಜೆ ಆರೂವರೆಗೆ ಅಮೆರಿಕದ ಕ್ಲೈಂಟ್ ಕಾಲ್. ಎಲ್ಲ ಕೂಡಿಸಿದರೂ ಮೂರು ಗಂಟೆ ದಾಟುವುದಿಲ್ಲ. ಆದರೆ ಊಟದ ಹೊತ್ತು ಬಿಟ್ಟರೆ ಮಧ್ಯೆ ಉಳಿದದ್ದೆಲ್ಲ ಒಂದು, ಒಂದೂವರೆ ಗಂಟೆಯ ತುಂಡು. ಎರಡು ಗಂಟೆ ಒಟ್ಟಿಗೆ ಕೂರುವ ಜಾಗ ಬೆಳಗಿನಿಂದ ಸಂಜೆ ನಾಲ್ಕೂವರೆ ತನಕ ಒಂದೂ ಇರಲಿಲ್ಲ. "ಹಾಗಾದರೆ ಕೋಡ್ ಬರೆಯುವುದು ಯಾವಾಗ?" ಎಂದು ಕೇಳಿದೆ. "ರಾತ್ರಿ ಊಟ ಆದ ಮೇಲೆ ಸರ್" ಎಂದಳು. ಅವಳ ದನಿಯಲ್ಲಿ ದೂರೇನೂ ಇರಲಿಲ್ಲ, ಅದು ನನ್ನನ್ನು ಇನ್ನೂ ಹೆಚ್ಚು ಕಾಡಿತು.

ಪಾಲ್ ಗ್ರಹಾಂ ಎಂಬ ಅಮೆರಿಕದ ಪ್ರೋಗ್ರಾಮರ್ 2009ರಲ್ಲಿ ಬರೆದ ಒಂದು ಪ್ರಬಂಧದಲ್ಲಿ ಇದರ ಮೂಲ ಸಿಗುತ್ತದೆ. ಮ್ಯಾನೇಜರನ ದಿನ ಗಂಟೆಗಂಟೆಯ ತುಂಡುಗಳಿಂದ ಆದದ್ದು. ಒಂದು ಮೀಟಿಂಗ್ ಹೆಚ್ಚಾದರೆ ಅವನಿಗೆ ಹೋಗುವುದು ಒಂದು ಗಂಟೆ. ಕೋಡ್ ಬರೆಯುವವರ ದಿನಕ್ಕೆ ಅರ್ಧ ದಿನವೇ ಅಳತೆ. ನಡುವೆ ಒಂದು ಮೀಟಿಂಗ್ ಬಿದ್ದರೆ ಆ ಅರ್ಧ ದಿನವೇ ಹೋಯಿತು. ಇದು ತಿಳಿದ ಮೇಲೆ ನಾನು ಮೀಟಿಂಗ್ ಎಷ್ಟು ಎಂದು ಎಣಿಸುವುದನ್ನು ಬಿಟ್ಟೆ. ಪ್ರತಿಯೊಬ್ಬರಿಗೂ ವಾರದಲ್ಲಿ ಎರಡು ಗಂಟೆಯ ಅಖಂಡ ಹೊತ್ತು ಎಷ್ಟು ಸಲ ಸಿಗುತ್ತದೆ ಎಂದು ಎಣಿಸತೊಡಗಿದೆ.

ಮಂಗಳವಾರ, ಗುರುವಾರ ಮೀಟಿಂಗ್ ಇಲ್ಲ ಎಂದು ತೀರ್ಮಾನಿಸಿದೆವು. ಸೋಮವಾರ ವಾರದ ಪ್ಲಾನಿಂಗ್, ಶುಕ್ರವಾರ ರಿಲೀಸ್, ಹಾಗಾಗಿ ಅವೆರಡನ್ನು ಮುಟ್ಟುವಂತಿರಲಿಲ್ಲ. ಮಂಗಳವಾರ, ಗುರುವಾರ ಸ್ಟ್ಯಾಂಡಪ್ ಬದಲು ಎಲ್ಲರೂ ಹತ್ತರೊಳಗೆ ಮೂರು ಸಾಲು ಬರೆದು ಹಾಕಬೇಕು. ಸಂಜೆಯ ಕ್ಲೈಂಟ್ ಕಾಲ್ ಮಾತ್ರ ನಮ್ಮ ಕೈಯಲ್ಲಿರಲಿಲ್ಲ. ಅದು ಇದ್ದಲ್ಲೇ ಇತ್ತು.

ಮೊದಲ ಮಂಗಳವಾರವೇ ಎರಡು ಕಡೆ ಎಡವಿದೆವು. ಕೆಲವರು ಮೀಟಿಂಗಿನಲ್ಲಿ ಕೇಳುವುದನ್ನೆಲ್ಲ ಚಾಟ್‌ನಲ್ಲಿ ಕೇಳಿದರು; ಮೀಟಿಂಗ್ ಹೋಗಿರಲಿಲ್ಲ, ವೇಷ ಬದಲಿಸಿತ್ತು ಅಷ್ಟೆ. ಇನ್ನೊಂದು ಅದಕ್ಕಿಂತ ಕೆಟ್ಟದ್ದು. ಹೊಸದಾಗಿ ಸೇರಿದ ಹುಡುಗನೊಬ್ಬ ಅವಧಿ ಮುಗಿದ ಒಂದು ಸರ್ಟಿಫಿಕೇಟ್‌ನಿಂದಾಗಿ ಹನ್ನೊಂದರಿಂದ ಮೂರರ ತನಕ ಒಂದೇ ಎರರ್ ನೋಡುತ್ತ ಕೂತಿದ್ದ. ಗೊತ್ತಿದ್ದವರು ಹತ್ತು ನಿಮಿಷದಲ್ಲಿ ಹೇಳುವ ವಿಷಯ. ಯಾಕೆ ಕೇಳಲಿಲ್ಲ ಎಂದರೆ, "ಇವತ್ತು ಯಾರನ್ನೂ ಡಿಸ್ಟರ್ಬ್ ಮಾಡ್ಲಿಕ್ಕಿಲ್ಲ ಅಲ್ವಾ ಸರ್" ಎಂದ. ಮೌನದ ದಿನವನ್ನು ಘೋಷಿಸಿದ್ದ ನಾನು ಕೇಳುವುದಕ್ಕೆ ಜಾಗವನ್ನೇ ಇಟ್ಟಿರಲಿಲ್ಲ.

ಇದಕ್ಕೆ ಬೇಕಾದದ್ದು ಕೇಳಲೆಂದೇ ಗೊತ್ತುಮಾಡಿದ ಒಂದು ಹೊತ್ತು. ಅದು ನಮ್ಮೂರಿಗೆ ಹೊಸದೇನಲ್ಲ. ಟಿ.ಆರ್. ಸುರೇಶ್ ಮಂಗಳೂರಿನ ಪೊಲೀಸ್ ಕಮಿಷನರ್ ಆಗಿದ್ದಾಗ ವಾರಕ್ಕೊಮ್ಮೆ ಫೋನ್‌ಇನ್ ನಡೆಯುತ್ತಿತ್ತು. ಬಸ್ಸಿನ ಕರ್ಕಶ ಹಾರ್ನ್, ಅಡ್ಡಾದಿಡ್ಡಿ ಪಾರ್ಕಿಂಗ್ ಎಂದು ಜನ ನೇರವಾಗಿ ಅವರಿಗೇ ಫೋನ್ ಮಾಡುತ್ತಿದ್ದರು. ಕಮಿಷನರ್ ಇಡೀ ವಾರ ಫೋನ್ ಹಿಡಿದು ಕೂರಬೇಕಾಗಿರಲಿಲ್ಲ. ಫೋನ್ ಮಾಡುವವರಿಗೂ ಇಂಥ ಹೊತ್ತಿಗೆ ಸಿಕ್ಕೇ ಸಿಗುತ್ತಾರೆ ಎಂಬ ನಂಬಿಕೆಯಿತ್ತು. ಆ ನಂಬಿಕೆಯಿದ್ದರೆ ಮಾತ್ರ ಜನ ಉಳಿದ ಹೊತ್ತು ಕಾಯಲು ಒಪ್ಪುತ್ತಾರೆ.

ಗ್ರಹಾಂ ಕೂಡ ಭೇಟಿಯ ಹೊತ್ತನ್ನು ಗೊತ್ತುಮಾಡಿ, ಅದನ್ನು ತಮ್ಮ ಕೆಲಸದ ದಿನದ ಕೊನೆಗೆ ಇಟ್ಟುಕೊಂಡಿದ್ದರು. ಅದನ್ನೇ ನಂಬಿ ನಾನು ಐದರಿಂದ ಆರು ಎಂದೆ. ಬರುತ್ತಿದ್ದವರೆಲ್ಲ ಬೈಕ್ ಇದ್ದವರು. ಸುರತ್ಕಲ್, ಬಿ.ಸಿ.ರೋಡ್ ಕಡೆಯವರು ಐದೂವರೆ ಆಗುತ್ತಲೇ ಬಸ್ ಹಿಡಿಯಲು ಹೊರಟು, ಕ್ಲೈಂಟ್ ಕಾಲನ್ನು ಮನೆಯಿಂದ ಮಾಡುವವರು. ಅವರಿಗೆ ನನ್ನ ತೆರೆದ ಬಾಗಿಲು ಮುಚ್ಚಿದ್ದಕ್ಕೆ ಸಮ. ಅದನ್ನು ದಿನಾ ಮಧ್ಯಾಹ್ನ ಮೂರರಿಂದ ನಾಲ್ಕಕ್ಕೆ ತಂದೆವು. ಕಾಲು ಗಂಟೆಯ ನಾಲ್ಕು ಸ್ಲಾಟ್. ಎರಡನ್ನು ಮೊದಲೇ ಬುಕ್ ಮಾಡಬಹುದು, ಇನ್ನೆರಡು ಆ ಹೊತ್ತಿಗೆ ಬಂದವರಿಗೆ. ಬುಕ್ ಮಾಡುವಾಗ ವಿಷಯ ಬರೆಯುವುದು ಬೇಡ ಎಂದೆ. ರಜೆ, ಸಂಬಳ, ಮನೆಯ ಕಷ್ಟ ಹೇಳಲು ಬರುವವರೂ ಇರುತ್ತಾರಲ್ಲ. ನಾಲ್ಕು ಗೋಡೆ ಬೇಕಾದವರಿಗೆ ಕ್ಯಾಬಿನ್ ಇತ್ತು, ಉಳಿದಂತೆ ನಾನು ಕ್ಯಾಂಟೀನಿನ ಮೂಲೆಯ ಮೇಜಿನಲ್ಲಿ ಕೂರುತ್ತಿದ್ದೆ.

ಎರಡು ವಾರ ಹೆಚ್ಚುಕಡಿಮೆ ಯಾರೂ ಬರಲಿಲ್ಲ. ಖಾಲಿ ಕೂತಾಗ ಆ ಹೊತ್ತಿಗೆ ಬೇರೊಂದು ಮೀಟಿಂಗ್ ಹಾಕಿಕೊಳ್ಳುವ ಆಸೆ ಬಂದೇ ಬರುತ್ತದೆ. ಒಂದು ಸಲ ಹಾಗೆ ಮಾಡಿ, ಅಂದೇ ಬಂದವನೊಬ್ಬ ಖಾಲಿ ಕುರ್ಚಿ ನೋಡಿ ಹಿಂದೆ ಹೋದರೆ ಅವನು ಮತ್ತೆ ಬರಲಾರ. ನಡುವೆ ಬಿಟ್ಟರೂ ತೊಂದರೆಯಾಗದ ಬಿಲ್ಲು, ಟೈಮ್‌ಶೀಟ್ ಇಟ್ಟುಕೊಂಡು ಕೂತಿದ್ದೆ. ಮೂರನೆಯ ವಾರದಿಂದ ಜನ ಬಂದರು.

ಮೂರು ಗಂಟೆ ತನಕ ಕಾಯಲಾಗದ್ದೂ ಇರುತ್ತದೆ. ಕ್ಲೈಂಟಿನ ಸಿಸ್ಟಮ್ ನಿಂತರೆ, ಯಾರದ್ದಾದರೂ ಹಣದ ಅಥವಾ ಮಾಹಿತಿಯ ಲೆಕ್ಕ ತಪ್ಪುತ್ತಿದ್ದರೆ, ಆರೋಗ್ಯದ ಅಥವಾ ಮನೆಯ ತುರ್ತು ಬಂದರೆ ಯಾವ ಹೊತ್ತಿಗೂ ಫೋನ್ ಮಾಡಿ, ಮೆಸೇಜ್ ಬೇಡ ಎಂದು ಬರೆದು ಕೊಟ್ಟೆವು. ಸಿಕ್ಕಿಹಾಕಿಕೊಂಡವರು ಅರ್ಧ ಗಂಟೆ ತಾವೇ ನೋಡಿ, ಏನೇನು ಮಾಡಿದೆ ಎಂದು ತಂಡದ ಗುಂಪಿನಲ್ಲಿ ಬರೆದು ಬೇರೆ ಕೆಲಸಕ್ಕೆ ತಿರುಗಬೇಕು; ಬಿಡುವಾದವರು ಉತ್ತರಿಸುತ್ತಾರೆ, ಇಲ್ಲದಿದ್ದರೆ ಮೂರು ಗಂಟೆ ಇದ್ದೇ ಇದೆ.

ಇಷ್ಟಾದರೂ ತಿಂಗಳೊಳಗೆ ಬುಧವಾರ ಊದಿಕೊಂಡಿತ್ತು. ಮಂಗಳವಾರದಿಂದ ತೆಗೆದ ಮೀಟಿಂಗ್‌ಗಳೆಲ್ಲ ಅಲ್ಲಿಗೆ ಬಂದು ಕೂತಿದ್ದವು. ಇದು ಮೀಟಿಂಗ್ ಇಲ್ಲದ ದಿನ ನೋಡಿದರೆ ತಿಳಿಯುವುದಿಲ್ಲ, ಅದರ ಅಕ್ಕಪಕ್ಕದ ದಿನ ನೋಡಬೇಕು. ಕೆನಡಾದ ಶಾಪಿಫೈ ಕಂಪನಿ 2023ರ ಜನವರಿಯಲ್ಲಿ ಮೂರು ಅಥವಾ ಹೆಚ್ಚು ಮಂದಿಯ ಮರುಕಳಿಸುವ ಮೀಟಿಂಗ್‌ಗಳನ್ನೆಲ್ಲ ಕ್ಯಾಲೆಂಡರಿನಿಂದ ಅಳಿಸಿತ್ತು. ನಾವೂ ಬುಧವಾರವನ್ನು ಪೂರ್ತಿ ಖಾಲಿ ಮಾಡಿ, ಬೇಕೆಂದವರು ಕಾರಣ ಹೇಳಿ ಮತ್ತೆ ಹಾಕಲಿ ಎಂದೆವು. ಹಲವು ಮೀಟಿಂಗ್‌ಗಳನ್ನು ಯಾರೂ ಕೇಳಲೇ ಇಲ್ಲ.

ನವೆಂಬರಿನಲ್ಲಿ ಅಮೆರಿಕದವರು ಗಡಿಯಾರ ಹಿಂದೆ ಹಾಕುತ್ತಾರೆ. ನ್ಯೂಯಾರ್ಕಿನ ಬೆಳಿಗ್ಗೆ ಒಂಬತ್ತು ನಮಗೆ ಆರೂವರೆಯ ಬದಲು ಏಳೂವರೆ ಆಗುತ್ತದೆ. ರಾತ್ರಿಯ ಕೆಲಸ ಒಂದು ಗಂಟೆ ಉದ್ದವಾದ ಮೇಲೆ ಬೆಳಿಗ್ಗೆ ಅದೇ ಹೊತ್ತಿಗೆ ಬನ್ನಿ ಎನ್ನುವುದು ಸರಿಯಲ್ಲ. ಮಾರ್ಚ್ ತನಕ ಬರೆದು ಹಾಕುವ ಮೂರು ಸಾಲಿನ ಗಡುವನ್ನು ಹನ್ನೊಂದಕ್ಕೆ ಸರಿಸಿದೆವು. ಮೂರು ಗಂಟೆಯ ಮೇಜು ಮಾತ್ರ ಕದಲಲಿಲ್ಲ.

ಒಂದು ಕೊರತೆ ಉಳಿಯಿತು. ಬರುವವರು ಬರುತ್ತಾರೆ, ಮಾತು ಕಡಿಮೆಯವರು ತೆರೆದ ಬಾಗಿಲಿಗೂ ಬರುವುದಿಲ್ಲ. ಆರು ವಾರದಲ್ಲಿ ಒಮ್ಮೆಯೂ ಬಾರದ ಇಬ್ಬರನ್ನು ಗಮನಿಸಿದ ಮೇಲೆ, ಹದಿನೈದು ದಿನಕ್ಕೊಮ್ಮೆ ಒಬ್ಬೊಬ್ಬರ ಜೊತೆ ಮಾತಾಡುವುದನ್ನು ನಿಲ್ಲಿಸಬಾರದೆಂದು ಗೊತ್ತಾಯಿತು.

ರಾತ್ರಿ ಊಟದ ನಂತರ ಕೋಡ್ ಬರೆಯುತ್ತಿದ್ದ ಆ ಹುಡುಗಿ ಒಂದು ಗುರುವಾರ ಮೂರು ಗಂಟೆಗೆ ನೋಟ್‌ಬುಕ್ ಹಿಡಿದು ಬಂದಳು. ಬೆಳಗಿನಿಂದ ಐದು ಪ್ರಶ್ನೆ ಬರೆದಿಟ್ಟಿದ್ದಳು. ಮೂರರ ಮೇಲೆ ಗೀಟು ಎಳೆದಿತ್ತು. "ಇವು ಯಾಕೆ?" ಎಂದೆ.

"ಊಟಕ್ಕೆ ಮೊದಲೇ ಗೊತ್ತಾಯಿತು ಸರ್. ಎರಡೇ ಉಳಿದದ್ದು" ಎಂದು ಕುರ್ಚಿ ಎಳೆದುಕೊಂಡಳು.