ಹೇಳಿದ್ದರೆ ಮಾಡುತ್ತಿದ್ದೆ

ನಮ್ಮ ಮನೆಯಲ್ಲಿ ಭಾನುವಾರದ ಇಡ್ಲಿ ನನ್ನದು. ಎಂಟು ಗಂಟೆಗೆ ಪಾತ್ರೆಯಲ್ಲಿ ನೀರು ಕಾಯಲಿಟ್ಟು, ತಟ್ಟೆಗೆ ಎಣ್ಣೆ ಸವರಿ, ಹಿಟ್ಟು ಹುಯ್ದು, ಹನ್ನೆರಡು ನಿಮಿಷ ಬೇಯಿಸಿ ಇಳಿಸುತ್ತೇನೆ. ನೆಂಟರ ಮುಂದೆ ಹೆಂಡತಿ "ಭಾನುವಾರ ತಿಂಡಿ ಇವರದ್ದೇ" ಎಂದರೆ ಒಳಗೊಳಗೇ ಹಿಗ್ಗುತ್ತೇನೆ. ಅವಳು ಬ್ಯಾಂಕಿನಲ್ಲಿ, ನಾನು ಕಾಲೇಜಿನಲ್ಲಿ. ಸಂಬಳ ಹೆಚ್ಚುಕಮ್ಮಿ ಒಂದೇ. ಮನೆಗೆಲಸವನ್ನೂ ಹಾಗೇ ಹಂಚಿಕೊಂಡಿದ್ದೇವೆ ಎಂದು ಬಹಳ ವರ್ಷ ನಂಬಿದ್ದೆ.

ಒಮ್ಮೆ ಅವಳು ಟ್ರೈನಿಂಗ್‌ಗೆಂದು ನಾಲ್ಕು ದಿನ ಊರಲ್ಲಿರಲಿಲ್ಲ. ಭಾನುವಾರ ಬೆಳಿಗ್ಗೆ ಎದ್ದು ನೋಡಿದರೆ ಹಿಟ್ಟಿನ ಡಬ್ಬಿ ತೊಳೆದು ಬೋರಲು ಹಾಕಿದ್ದು ಹಾಗೇ ಇದೆ. ಫೋನ್ ಮಾಡಿದೆ.

"ಹಿಟ್ಟೇ ಇಲ್ವಲ್ಲೇ?"

"ನಾನಿಲ್ಲಿದ್ರೆ ಅಲ್ಲಿ ಹಿಟ್ಟು ಯಾರು ರುಬ್ಬಬೇಕಿತ್ತು?"

"ಹೇಳಿದ್ರೆ ನಾನೇ ರುಬ್ತಿದ್ದೆ."

"ಹೇಳೋದೂ ಒಂದು ಕೆಲಸ ಕಣ್ರೀ."

ಆ ಮಾತಿನ ಲೆಕ್ಕ ಹಾಕುತ್ತ ಅವತ್ತು ನಾನೂ ಮಗಳೂ ಉಪ್ಪಿಟ್ಟು ತಿಂದೆವು. ಭಾನುವಾರ ಎಂಟಕ್ಕೆ ಇಡ್ಲಿ ಬೇಯಬೇಕಾದರೆ ಶನಿವಾರ ರಾತ್ರಿ ಎಂಟರೊಳಗೆ ಹಿಟ್ಟು ರುಬ್ಬಿ ಆಗಿರಬೇಕು, ಏಕೆಂದರೆ ಅದು ಹುದುಗಿ ಉಬ್ಬಲು ಎಂಟರಿಂದ ಹನ್ನೆರಡು ಗಂಟೆ ಬೇಕು. ಡಿಸೆಂಬರ್ ಚಳಿಯಲ್ಲಿ ಹನ್ನೆರಡೂ ಸಾಲದು. ಅದಕ್ಕೂ ನಾಲ್ಕು ಗಂಟೆ ಮೊದಲು ಉದ್ದಿನಬೇಳೆ ನೆನೆದಿರಬೇಕು. ಒಂದು ಲೋಟ ಬೇಳೆಗೆ ಎರಡು ಲೋಟ ಇಡ್ಲಿ ರವೆ. ಎರಡೂ ಡಬ್ಬಿಯಲ್ಲಿ ಇವೆಯೇ ಎಂದು ಶುಕ್ರವಾರವೇ ನೋಡಿಕೊಂಡಿರಬೇಕು. ಬ್ಯಾಂಕಿಗೆ ರಜೆ ಎರಡನೇ ಮತ್ತು ನಾಲ್ಕನೇ ಶನಿವಾರ ಮಾತ್ರ. ಉಳಿದ ಶನಿವಾರಗಳಂದು ಅವಳು ಬೆಳಿಗ್ಗೆ ಹೊರಡುವ ಮುಂಚೆಯೇ ಬೇಳೆ ನೆನೆಹಾಕಿ, ಬೇಸಿಗೆಯಾದರೆ ಹುಳಿ ಹಿಡಿಯದಿರಲೆಂದು ಫ್ರಿಜ್‌ನಲ್ಲಿಟ್ಟು ಹೋಗುತ್ತಾಳೆ. ಅಂದರೆ ನನ್ನ ಇಡ್ಲಿ ಶುಕ್ರವಾರ ಅವಳ ತಲೆಯಲ್ಲಿ ಶುರುವಾಗಿ, ಭಾನುವಾರ ನನ್ನ ಕೈಯಲ್ಲಿ ಮುಗಿಯುತ್ತಿತ್ತು. ಹೆಸರು ಮಾತ್ರ ಪೂರ್ತಿ ನನ್ನದು.

ಇಬ್ಬರೂ ದುಡಿಯುವ ಮನೆಗಳಲ್ಲಿ ಅಸಮಾನತೆ ಉಳಿದಿರುವುದು ಹೆಚ್ಚಾಗಿ ಇಲ್ಲಿ ಎಂದು ನನಗನ್ನಿಸುತ್ತದೆ. ಪಾತ್ರೆ ತೊಳೆಯುವ, ಬಟ್ಟೆ ಒಣಹಾಕುವ ಗಂಡಸರು ಈಗ ಕಡಿಮೆಯೇನಿಲ್ಲ. ಆದರೆ ನೆನಪಿಟ್ಟುಕೊಳ್ಳುವುದು ಯಾರು?

ಕೇಂದ್ರ ಸರ್ಕಾರ 2019ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯಲ್ಲಿ, ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ 299 ನಿಮಿಷ, ಗಂಡಸರು 97 ನಿಮಿಷ ಅದಕ್ಕೆ ವ್ಯಯಿಸುತ್ತಾರೆ ಎಂದಿತ್ತು. 2024ರಲ್ಲಿ ಅದು 289 ಮತ್ತು 88 ಆಯಿತು. ಹೆಂಗಸರಿಗೆ ಹತ್ತು ನಿಮಿಷ ಉಳಿಯಿತೆಂದು ಸಂತೋಷಪಡುವ ಹೊತ್ತಿಗೆ ಗಂಡಸರೂ ಒಂಬತ್ತು ನಿಮಿಷ ಉಳಿಸಿಕೊಂಡಿದ್ದಾರೆ. ನಡುವಿನ ಅಂತರ ಆಗ 202 ನಿಮಿಷ, ಈಗ 201. ಇದು ದುಡಿಯುವ ದಂಪತಿಗಳದಷ್ಟೇ ಅಲ್ಲ, ಎಲ್ಲ ಬಗೆಯ ಮನೆಗಳೂ ಸೇರಿದ ಸರಾಸರಿ. ನಮ್ಮಂಥವರ ಮನೆಯ ಲೆಕ್ಕಕ್ಕೆ ನೇರವಾಗಿ ತಂದುಕೊಳ್ಳಲಾಗದು. ನನ್ನ ಕುತೂಹಲ ಬೇರೆ ಕಡೆಗಿದೆ. ಆ ಸಮೀಕ್ಷೆ ಬೆಳಗಿನ ಜಾವ ನಾಲ್ಕರಿಂದ ಮರುದಿನ ನಾಲ್ಕರವರೆಗಿನ ದಿನವನ್ನು ಅರ್ಧರ್ಧ ಗಂಟೆಯ ತುಂಡು ಮಾಡಿ, ಆ ಅರ್ಧ ಗಂಟೆಯಲ್ಲಿ ಹತ್ತು ನಿಮಿಷವಾದರೂ ನಡೆದ ಕೆಲಸವನ್ನು ಬರೆದುಕೊಳ್ಳುತ್ತದೆ. ಕೌಂಟರಿನಲ್ಲಿ ಕ್ಯಾಶ್ ಎಣಿಸುವಾಗ "ಉದ್ದಿನಬೇಳೆ ಮುಗಿದಿದೆ" ಎಂದು ಹೊಳೆದದ್ದು ಎಷ್ಟು ನಿಮಿಷ? ಅರ್ಧ ನಿಮಿಷವೂ ಇಲ್ಲ. ಅದು ಸಮೀಕ್ಷೆಗೆ ಸಿಕ್ಕುವುದಿಲ್ಲ, ನನಗೂ ಸಿಕ್ಕಿರಲಿಲ್ಲ. ಆದರೆ ದಿನವಿಡೀ ಅಂಥದ್ದು ಇಪ್ಪತ್ತು ಸಲ ಹೊಳೆಯುವ ತಲೆಗೂ ಒಮ್ಮೆಯೂ ಹೊಳೆಯದ ತಲೆಗೂ ಸಂಜೆ ಆರಕ್ಕೆ ಇರುವ ಆಯಾಸ ಒಂದೇ ಅಲ್ಲ.

ಆಲಿಸನ್ ಡೇಮಿಂಗರ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞೆ 35 ಜೋಡಿಗಳನ್ನು ಮಾತಾಡಿಸಿ 2019ರಲ್ಲಿ ಒಂದು ಲೇಖನ ಪ್ರಕಟಿಸಿದರು. ತಲೆಯೊಳಗಿನ ಮನೆಗೆಲಸವನ್ನು ಅವರು ನಾಲ್ಕು ಹಂತವಾಗಿ ಬಿಡಿಸುತ್ತಾರೆ: ಮುಂದೇನು ಬೇಕಾದೀತೆಂದು ಮೊದಲೇ ಕಾಣುವುದು, ದಾರಿಗಳನ್ನು ಹುಡುಕುವುದು, ತೀರ್ಮಾನಿಸುವುದು, ಆಯಿತೋ ಇಲ್ಲವೋ ಎಂದು ಗಮನಿಸುತ್ತಿರುವುದು. ತೀರ್ಮಾನದಲ್ಲಿ ಗಂಡಂದಿರು ಚೆನ್ನಾಗಿಯೇ ಪಾಲ್ಗೊಳ್ಳುತ್ತಾರೆ. ಮೊದಲಿನ ಮುಂದಾಲೋಚನೆ ಮತ್ತು ಕೊನೆಯ ನಿಗಾ ಮಾತ್ರ ಹೆಚ್ಚಾಗಿ ಹೆಂಗಸರ ಪಾಲಿಗೆ. ನಮ್ಮಲ್ಲೂ ಹೀಗೇ. ಮಗಳನ್ನು ಯಾವ ಶಾಲೆಗೆ ಸೇರಿಸಬೇಕೆಂದು ಇಬ್ಬರೂ ಕೂತು ತೀರ್ಮಾನಿಸಿದೆವು. ಆ ಶಾಲೆಗೆ ಗುರುವಾರ ಚಾರ್ಟ್ ಪೇಪರ್ ಒಯ್ಯಬೇಕೆಂಬುದು ಬುಧವಾರ ರಾತ್ರಿ ಒಬ್ಬರಿಗೆ ಮಾತ್ರ ನೆನಪಾಗುತ್ತದೆ.

ಕೆಲಸದವಳನ್ನು ಇಟ್ಟುಕೊಂಡರೆ ಮುಗಿಯಿತು ಎನ್ನುವವರಿದ್ದಾರೆ. ನಾವೂ ಇಟ್ಟುಕೊಂಡಿದ್ದೇವೆ. ಅವಳ "ನಾಳೆ ಬರಲ್ಲಕ್ಕ" ಎಂಬ ಫೋನ್ ಬರುವುದು ಹೆಂಡತಿಗೆ. ಮುಂಗಡ, ಹಬ್ಬಕ್ಕೆ ಸೀರೆ, ಅವಳ ಮಗನ ಫೀಸು, ಎಲ್ಲ ಮಾತುಕತೆಯೂ ಹೆಂಡತಿಯ ಜತೆಗೇ. ಕೈಕೆಲಸ ಕಡಿಮೆಯಾಯಿತು, ನಿಗಾ ಹೆಚ್ಚಾಯಿತು.

ಹೆಂಗಸರೇ ಬಿಟ್ಟುಕೊಡುವುದಿಲ್ಲ ಎಂಬ ಇನ್ನೊಂದು ವಾದದಲ್ಲಿ ಸತ್ಯವಿಲ್ಲದಿಲ್ಲ. ನಾನು ಮಡಚಿಟ್ಟ ಟವೆಲನ್ನು ಅವಳು ಬಿಚ್ಚಿ ಮತ್ತೆ ಮಡಚುವುದನ್ನು ಕಂಡಿದ್ದೇನೆ. ಆದರೆ ನೆಂಟರು ಬಂದಾಗ ಮನೆ ಗಲೀಜಾಗಿದ್ದರೆ ಮಾತು ಬರುವುದು ಯಾರ ಮೇಲೆ? ಮಗಳ ಯೂನಿಫಾರಂ ಸುಕ್ಕಾಗಿದ್ದರೆ ಟೀಚರ್ ಕೇಳುವುದು ತಾಯಿಯನ್ನೇ. ಬೈಗುಳ ತಿನ್ನಬೇಕಾದವರು ಮೇಲುಸ್ತುವಾರಿ ಬಿಟ್ಟುಕೊಡಲಿ ಎಂದರೆ ಹೇಗೆ? ಆದ್ದರಿಂದ ಕೆಲಸ ಹಂಚುವಾಗ ಅದರ ಬೈಗುಳವನ್ನೂ ಹಂಚಬೇಕು. "ಸಹಾಯ ಮಾಡುತ್ತೇನೆ" ಎಂಬ ಮಾತು ನನಗೀಗ ಹಿಡಿಸದಿರುವುದು ಅದಕ್ಕೇ, ಸಹಾಯಕನಿಗೆ ಬೈಗುಳವಿಲ್ಲ.

ನಾವು ಕಂಡುಕೊಂಡದ್ದು ಇಷ್ಟು: ಒಂದು ಕೆಲಸ ಒಬ್ಬರಿಗೆ ತುದಿಯಿಂದ ಬುಡದವರೆಗೆ. ಇಡ್ಲಿ ನನ್ನದಾದರೆ ಬೇಳೆಯ ಡಬ್ಬಿ ತೆರೆದು ನೋಡುವುದೂ ನನ್ನದೇ. ಗ್ಯಾಸ್ ಸಿಲಿಂಡರನ್ನೂ ತೆಗೆದುಕೊಂಡೆ. ಬುಕ್ ಮಾಡಲು ಮರೆತು ಎರಡು ಸಲ ಮಧ್ಯದಲ್ಲೇ ಖಾಲಿಯಾಯಿತು. ಎರಡು ಸಲವೂ ಅವಳು ನೆನಪಿಸಲಿಲ್ಲ, ಹಂಗಿಸಲೂ ಇಲ್ಲ. ಇಂಡಕ್ಷನ್ ಒಲೆಯ ಮೇಲೆ ಅನ್ನ ಮಾಡಿದೆವು. ಸುಮ್ಮನಿರುವುದು ಅವಳಿಗೆ ಎಷ್ಟು ಕಷ್ಟವಾಯಿತೆಂದು ಆಮೇಲೆ ಹೇಳಿದಳು. ಮೂರನೇ ಸಲ ಆಗಲಿಲ್ಲ. ಈಗ ಹೊಸ ಸಿಲಿಂಡರ್ ಹಾಕಿದ ದಿನ ನಾನೇ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತೇನೆ.

ಸಿಲಿಂಡರನ್ನು ಹೀಗೆ ಹಂಚಬಹುದು, ಮನಸ್ಸು ಕಾಯುವ ಕೆಲಸವನ್ನು ಹಂಚುವುದು ಕಷ್ಟ. ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರ ತಮ್ಮ ಪುಸ್ತಕದಲ್ಲಿ ಭಾವನಾತ್ಮಕ ದುಡಿಮೆ ಎಂದು ಕರೆದದ್ದು ಮುಖ್ಯವಾಗಿ ವಿಮಾನ ಪರಿಚಾರಕಿಯರ ನಗುವನ್ನು. ಅದಕ್ಕೆ ಸಂಬಳವಿತ್ತು, ಪಾಳಿ ಮುಗಿಯುತ್ತಿತ್ತು. ಮನೆಯಲ್ಲಿ ಹಾಗಿಲ್ಲ. ಊರಲ್ಲಿರುವ ನನ್ನ ಅಮ್ಮನ ಮಂಡಿನೋವು ಈ ವಾರ ಹೇಗಿದೆ, ತಂಗಿ ಯಾಕೆ ಮುನಿಸಿಕೊಂಡಿದ್ದಾಳೆ ಎಂಬುದೆಲ್ಲ ನನಗೆ ತಿಳಿಯುತ್ತಿದ್ದುದು ಹೆಂಡತಿಯಿಂದ. ನನ್ನ ಅಮ್ಮ, ನನ್ನ ತಂಗಿ, ವಿಚಾರಿಸಿಕೊಳ್ಳುವವಳು ಅವಳು. ವರ್ಷಗಳ ಕಾಲ ಅವಳು ಕೂಡಿಸಿದ ಸಲಿಗೆಯನ್ನು ಪಟ್ಟಿ ಮಾಡಿ ನನ್ನ ಪಾಲಿಗೆ ಬರೆದುಕೊಳ್ಳಲಾಗುವುದಿಲ್ಲ.

ಕಳೆದ ಯುಗಾದಿಯಿಂದ ಬುಧವಾರ ಸಂಜೆ ಅಮ್ಮನಿಗೆ ಫೋನ್ ಮಾಡುವುದು ನಾನು. ಊಟವಾಯ್ತಾ, ಮಾತ್ರೆ ತಗೊಂಡ್ಯಾ, ಮಳೆ ಬಂತಾ ಎಂದು ಕೇಳುತ್ತೇನೆ. ಎರಡು ನಿಮಿಷಕ್ಕೆ ಮಾತು ಮುಗಿಯುತ್ತದೆ. ಆಮೇಲೆ ಅಮ್ಮ, "ಅವಳು ಬಂದಿದ್ರೆ ಕೊಡಪ್ಪ" ಎನ್ನುತ್ತಾಳೆ.